ಸ್ಮಾರ್ಟ್‌ವಾಚೋ, ಫಿಟ್‌ನೆಸ್ ಬ್ಯಾಂಡೋ? ಮೊದಲ ಬಾರಿ ಕೊಳ್ಳುವವರು ಪರೀಕ್ಷಿಸಿ ನೋಡುವ ಬಗೆ

ಇಪ್ಪತ್ತು ನಿಮಿಷ ಚುರುಕಾಗಿ ನಡೆದು ನಿಂತ ಅಕ್ಕ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ಎಡ ಮಣಿಕಟ್ಟಿನಲ್ಲಿ ಫಿಟ್‌ನೆಸ್ ಬ್ಯಾಂಡ್ ಇತ್ತು, ಬಲ ಮಣಿಕಟ್ಟಿನಲ್ಲಿ ಸ್ಮಾರ್ಟ್‌ವಾಚ್. ಹೃದಯಬಡಿತ ನಿಮಿಷಕ್ಕೆ 118 ಎಂದು ಬ್ಯಾಂಡ್ ತೋರಿಸುತ್ತಿತ್ತು, ವಾಚ್ 104 ಎಂದು. “ಇರುವುದು ಒಂದೇ ಹೃದಯ, ನಾನು ಯಾವುದನ್ನು ನಂಬಲಿ?” ಎಂದಳು. ಅವಳ ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ನಾಡಿ ಎಣಿಸಿದೆ. 26 ಬಡಿತ ಸಿಕ್ಕಿತು. ನಾಲ್ಕರಿಂದ ಗುಣಿಸಿದರೆ 104.

ವಾಚ್ ಗೆದ್ದಿತು ಎಂದು ಅಲ್ಲಿಗೇ ತೀರ್ಮಾನಿಸಿದ್ದರೆ ತಪ್ಪಾಗುತ್ತಿತ್ತು. ಅದು ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಅಕ್ಕನಿಗೆ ವೈದ್ಯರು ದಿನವೂ ನಡೆಯಲು ಹೇಳಿದ್ದರು. ಒಂದು ಸಾಧನ ಕೊಳ್ಳಬೇಕಿತ್ತು, ಎರಡರ ಪೆಟ್ಟಿಗೆಯ ಮೇಲೂ ಹೆಚ್ಚುಕಡಿಮೆ ಅದೇ ಪಟ್ಟಿ ಇತ್ತು: ಹೃದಯಬಡಿತ, ರಕ್ತದ ಆಮ್ಲಜನಕ, ನಿದ್ರೆ, ಒತ್ತಡ, ಕ್ಯಾಲೊರಿ. ಹಿಂದಿರುಗಿಸಲು ಅವಕಾಶವಿದ್ದ ದಿನಗಳಲ್ಲೇ ಎರಡನ್ನೂ ಒರೆಗೆ ಹಚ್ಚಿ ನೋಡಿದೆವು. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಆಕಾರ ನೋಡಬೇಡಿ, ಒಳಗೇನಿದೆ ಕೇಳಿ

ಕಿರಿದಾಗಿ ಉದ್ದಕ್ಕಿದ್ದರೆ ಬ್ಯಾಂಡ್, ಅಗಲವಾಗಿ ಗಡಿಯಾರದಂತಿದ್ದರೆ ಸ್ಮಾರ್ಟ್‌ವಾಚ್ ಎಂದುಕೊಳ್ಳುವುದು ಸಹಜ. ಆದರೆ ಮಾರುಕಟ್ಟೆಯಲ್ಲಿರುವ ಬಹಳಷ್ಟು ಅಗ್ಗದ ‘ಸ್ಮಾರ್ಟ್‌ವಾಚ್’ಗಳು ಒಡಲಲ್ಲಿ ಬ್ಯಾಂಡ್‌ಗಳೇ. ಪರದೆ ದೊಡ್ಡದಾಗಿರುತ್ತದೆ, ಪಟ್ಟಿ ಅಗಲವಾಗಿರುತ್ತದೆ, ಒಳಗೆ ಮಾತ್ರ ಬ್ಯಾಂಡಿನಲ್ಲಿರುವಂಥದೇ ಸರಳ ತಂತ್ರಾಂಶ. ನಿಜವಾದ ಸ್ಮಾರ್ಟ್‌ವಾಚ್‌ಗೆ ತನ್ನದೇ ಕಾರ್ಯಾಚರಣಾ ವ್ಯವಸ್ಥೆ ಇರುತ್ತದೆ. ಅದರಲ್ಲಿ ಹೊರಗಿನವರು ಬರೆದ ಆ್ಯಪ್‌ಗಳನ್ನು ಹಾಕಬಹುದು, ಫೋನ್ ಪಕ್ಕದಲ್ಲಿಲ್ಲದಿದ್ದರೂ ಕೆಲವು ಕೆಲಸ ಮಾಡಿಸಿಕೊಳ್ಳಬಹುದು.

ಗುರುತಿಸಲು ಎರಡು ಪ್ರಶ್ನೆ ಕೇಳಿದರೆ ಸಾಕು. ಈ ವಾಚ್‌ಗೆ ಆ್ಯಪ್ ಅಂಗಡಿ ಇದೆಯೇ? ಫೋನನ್ನು ಮನೆಯಲ್ಲಿ ಬಿಟ್ಟು ನಡೆದು ಬಂದರೆ ದಾರಿಯ ನಕ್ಷೆ ದಾಖಲಾಗುತ್ತದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ನೀವು ದೊಡ್ಡ ಪರದೆಯ ಬ್ಯಾಂಡನ್ನು ನೋಡುತ್ತಿದ್ದೀರಿ. ಅದನ್ನು ಕೊಳ್ಳಬಾರದು ಎಂದಲ್ಲ, ಆದರೆ ಸ್ಮಾರ್ಟ್‌ವಾಚ್ ಎಂಬ ಹೆಸರಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಎರಡನೆಯ ಪ್ರಶ್ನೆಯನ್ನು ಹೀಗೇ ಕೇಳಬೇಕು. ‘ಜಿಪಿಎಸ್ ಇದೆ’ ಎಂದು ಬರೆದಿರುವ ಎಷ್ಟೋ ಸಾಧನಗಳು ನಿಮ್ಮ ಫೋನಿನ ಜಿಪಿಎಸ್ ಅನ್ನು ಎರವಲು ಪಡೆಯುತ್ತವೆ. ವಿವರಗಳ ಪಟ್ಟಿಯಲ್ಲಿ ಅದನ್ನು ‘ಕನೆಕ್ಟೆಡ್ ಜಿಪಿಎಸ್’ ಎಂದು ನಮೂದಿಸುತ್ತಾರೆ. ಫೋನ್ ಜೇಬಿನಲ್ಲಿ ಇಟ್ಟುಕೊಂಡೇ ನಡೆಯುವವರಿಗೆ ಅದರಿಂದ ನಷ್ಟವೇನೂ ಇಲ್ಲ.

ಹಂತ 2: ಹೃದಯಬಡಿತವನ್ನು ನಿಮ್ಮ ಬೆರಳಿನಿಂದಲೇ ಪರೀಕ್ಷಿಸಿ

ಸಾಧನವನ್ನು ಬಿಚ್ಚಿ ಹಿಂಭಾಗ ನೋಡಿದರೆ ಹಸಿರು ದೀಪಗಳು ಮಿನುಗುತ್ತಿರುತ್ತವೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದಡಿಯ ಸಣ್ಣ ನಾಳಗಳಲ್ಲಿ ರಕ್ತ ಹೆಚ್ಚುತ್ತದೆ, ಮರಳುವ ಬೆಳಕು ಕೊಂಚ ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಒಂದು ಬೆಳಕಿನ ಸಂವೇದಕ ಹಿಡಿಯುತ್ತದೆ, ತಂತ್ರಾಂಶ ಅದರಿಂದ ಬಡಿತವನ್ನು ಲೆಕ್ಕ ಹಾಕುತ್ತದೆ. ಬ್ಯಾಂಡಿನಲ್ಲಿರುವುದೂ ವಾಚಿನಲ್ಲಿರುವುದೂ ಇದೇ ವಿಧಾನ. ದೀಪಗಳ ಸಂಖ್ಯೆ, ಲೆಕ್ಕ ಹಾಕುವ ತಂತ್ರಾಂಶದ ಜಾಣತನ ಇವುಗಳಲ್ಲಿ ವ್ಯತ್ಯಾಸವಿರುತ್ತದೆ.

ಸುಮ್ಮನೆ ಕುಳಿತಿರುವಾಗ ಬಹುತೇಕ ಎಲ್ಲ ಸಾಧನಗಳೂ ಸರಿಯಾಗಿಯೇ ತೋರಿಸುತ್ತವೆ. ಅಂಗಡಿಯಲ್ಲಿ ಹಾಕಿ ನೋಡುವುದರಿಂದ ಏನೂ ತಿಳಿಯದಿರುವುದು ಅದಕ್ಕೇ. ತೊಂದರೆ ಶುರುವಾಗುವುದು ಕೈ ಆಡಿದಾಗ. ಕೈ ಬೀಸಿ ನಡೆಯುವಾಗ ಸಾಧನ ಚರ್ಮದ ಮೇಲೆ ಲಯಬದ್ಧವಾಗಿ ಅಲುಗುತ್ತದೆ, ಆ ಅಲುಗಾಟವೂ ಬೆಳಕಿನ ಏರಿಳಿತವಾಗಿ ಕಾಣುತ್ತದೆ. ಪಟ್ಟಿ ಸಡಿಲವಿದ್ದರೆ ತಂತ್ರಾಂಶ ನಾಡಿಯ ಲಯವನ್ನು ಬಿಟ್ಟು ಹೆಜ್ಜೆಯ ಲಯಕ್ಕೆ ಅಂಟಿಕೊಳ್ಳುತ್ತದೆ. ಅಕ್ಕನ ಬ್ಯಾಂಡಿಗೆ ಆದದ್ದು ಇದೇ. ಆ ನಡಿಗೆಯ ವಿವರವನ್ನು ಆ್ಯಪ್‌ನಲ್ಲಿ ತೆರೆದಾಗ ಅವಳ ಹೆಜ್ಜೆಯ ವೇಗ ನಿಮಿಷಕ್ಕೆ 117ರಿಂದ 119 ಎಂದಿತ್ತು. ಬ್ಯಾಂಡ್ ತೋರಿಸಿದ 118 ಅವಳ ಹೃದಯದ ಸಂಖ್ಯೆಯೇ ಆಗಿರಲಿಲ್ಲ, ಕಾಲುಗಳದ್ದಾಗಿತ್ತು.

ನಿಮ್ಮಲ್ಲೂ ಹೀಗಾಗುತ್ತಿದೆಯೇ ಎಂದು ತಿಳಿಯಲು ಎರಡು ಕುರುಹುಗಳಿವೆ. ಬಡಿತದ ಗೆರೆ ಮತ್ತು ಹೆಜ್ಜೆಯ ವೇಗದ ಗೆರೆ ಒಂದರ ಮೇಲೊಂದು ಕುಳಿತಂತೆ ಕಂಡರೆ ಅನುಮಾನಪಡಿ. ನಿಂತ ಬಳಿಕ ಸಂಖ್ಯೆ ಹೇಗೆ ಇಳಿಯುತ್ತದೆ ಎಂಬುದನ್ನೂ ಗಮನಿಸಿ. ನಿಜವಾದ ಬಡಿತ ಕೆಲವು ಹತ್ತು ಸೆಕೆಂಡುಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಹೆಜ್ಜೆಗೆ ಅಂಟಿಕೊಂಡಿದ್ದ ಸಂಖ್ಯೆ ಮೆಟ್ಟಿಲಿನಿಂದ ಜಾರಿದಂತೆ ಒಮ್ಮೆಲೇ ಬೇರೆ ಕಡೆಗೆ ಜಿಗಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಮಣಿಕಟ್ಟಿನ ಹೊರಬದಿಯಲ್ಲಿ ಉಬ್ಬಿರುವ ಮೂಳೆಯಿಂದ ಎರಡು ಬೆರಳಿನಷ್ಟು ಮೇಲೆ, ಮೊಣಕೈ ಕಡೆಗೆ, ಸಾಧನವನ್ನು ಕಟ್ಟಿ. ಕೈ ಕುಲುಕಿದರೆ ಜಾರಬಾರದು, ಹಾಗೆಂದು ಕೈ ಜೋಮು ಹಿಡಿಯುವಷ್ಟು ಬಿಗಿಯೂ ಇರಬಾರದು. ಐದು ನಿಮಿಷ ಕುಳಿತು, ಪೂರ್ತಿ ಅರವತ್ತು ಸೆಕೆಂಡು ನಾಡಿ ಎಣಿಸಿ, ಸಾಧನದ ಸಂಖ್ಯೆಯ ಪಕ್ಕದಲ್ಲಿ ಬರೆದಿಡಿ. ಬಳಿಕ ಹತ್ತು ನಿಮಿಷ ಚುರುಕಾಗಿ ನಡೆಯಿರಿ. ನಿಂತ ಕ್ಷಣವೇ ಸಾಧನದ ಸಂಖ್ಯೆ ನೋಡಿಕೊಂಡು ಹದಿನೈದು ಸೆಕೆಂಡು ಮಾತ್ರ ಎಣಿಸಿ ನಾಲ್ಕರಿಂದ ಗುಣಿಸಿ. ಇಲ್ಲಿ ನಿಮಿಷವಿಡೀ ಎಣಿಸಿದರೆ ಅಷ್ಟರಲ್ಲಿ ಬಡಿತವೇ ಇಳಿದುಬಿಟ್ಟಿರುತ್ತದೆ. ಹದಿನೈದು ಸೆಕೆಂಡಿನಲ್ಲಿ ಒಂದು ಬಡಿತ ಆಚೀಚೆಯಾದರೆ ನಿಮಿಷಕ್ಕೆ ನಾಲ್ಕರ ವ್ಯತ್ಯಾಸ ಬರುವುದರಿಂದ ನಾಲ್ಕೈದರ ಅಂತರವನ್ನು ದೋಷವೆಂದು ಎಣಿಸಬೇಡಿ. ಕತ್ತಿನ ನಾಡಿಯನ್ನು ಒಂದೇ ಬದಿಯಲ್ಲಿ ಮೃದುವಾಗಿ ಮುಟ್ಟಿ, ಒತ್ತಬೇಡಿ.

ಎರಡು ಸಾಧನಗಳನ್ನು ಹೋಲಿಸುತ್ತಿದ್ದರೆ ಮರುದಿನ ಕೈಗಳನ್ನು ಅದಲುಬದಲು ಮಾಡಿ. ಇದನ್ನು ಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ, ಏಕೆಂದರೆ ಎರಡು ಕೈಗಳೂ ಒಂದೇ ರೀತಿ ಬೀಸುವುದಿಲ್ಲ. ಅಕ್ಕನ ಬ್ಯಾಂಡನ್ನು ಬಲಗೈಗೆ ಹಾಕಿ, ಮೂಳೆಯಿಂದ ಮೇಲೆ ಸರಿಸಿ, ಒಂದು ರಂಧ್ರ ಬಿಗಿ ಮಾಡಿದೆವು. ಮರುದಿನದ ನಡಿಗೆಯಲ್ಲಿ ನಾಡಿ 108, ಬ್ಯಾಂಡ್ 106, ವಾಚ್ 107. ಮೊದಲ ದಿನ ದೊಡ್ಡದಾಗಿ ಕಂಡ ಅಂತರ ಸಂವೇದಕದ್ದಾಗಿರಲಿಲ್ಲ, ಪಟ್ಟಿಯದಾಗಿತ್ತು. ವಾಚ್ ಗೆದ್ದಿತೆಂದು ಅಂದೇ ತೀರ್ಮಾನಿಸಬಾರದಾಗಿತ್ತು ಎಂದದ್ದು ಇದಕ್ಕೇ.

ಎಷ್ಟು ಚೆನ್ನಾಗಿ ಕಟ್ಟಿದರೂ ಮಣಿಕಟ್ಟಿನ ಸಂವೇದಕ ಸೋಲುವ ಸಂದರ್ಭಗಳಿವೆ. ಚಳಿಯಲ್ಲಿ ಚರ್ಮದ ನಾಳಗಳು ಕಿರಿದಾಗುತ್ತವೆ. ಗಾಢ ಹಚ್ಚೆ ಬೆಳಕನ್ನು ತಡೆಯುತ್ತದೆ. ಡಂಬೆಲ್ ಹಿಡಿದು ಮುಷ್ಟಿ ಬಿಗಿದಾಗ ಸ್ನಾಯುಗಳು ಅಲ್ಲಿನ ರಕ್ತದ ಹರಿವನ್ನೇ ಬದಲಿಸುತ್ತವೆ. ಭಾರ ಎತ್ತುವ ವ್ಯಾಯಾಮವೋ ಓಟದ ನಡುವಿನ ಚಿಕ್ಕ ಚಿಕ್ಕ ಧಾವಂತವೋ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ದುಬಾರಿ ವಾಚಿಗಿಂತ ಸಾಧಾರಣ ಬ್ಯಾಂಡ್ ಮತ್ತು ಎದೆಗೆ ಕಟ್ಟುವ ಪಟ್ಟಿಯ ಜೋಡಿ ಮೇಲು ಎಂಬುದು ನನ್ನ ಅಭಿಪ್ರಾಯ. ಎದೆಪಟ್ಟಿ ಬೆಳಕಿನ ಬದಲು ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ. ಕೊಳ್ಳುವ ಮುನ್ನ ಬ್ಯಾಂಡಾಗಲಿ ಅದರ ಆ್ಯಪ್ ಆಗಲಿ ಹೊರಗಿನ ಎದೆಪಟ್ಟಿಯನ್ನು ಜೋಡಿಸಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ.

ಹಂತ 3: ಅಳತೆ ಯಾವುದು, ಅಂದಾಜು ಯಾವುದು ಬೇರ್ಪಡಿಸಿ

ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ ಎಲ್ಲವೂ ಒಂದೇ ಗಾತ್ರದ ಅಕ್ಷರಗಳಲ್ಲಿರುತ್ತವೆ. ಆದರೆ ಹೃದಯಬಡಿತ ಮತ್ತು ಕೈಯ ಚಲನೆ ಸಂವೇದಕಕ್ಕೆ ನೇರವಾಗಿ ಸಿಗುವಂಥವು. ಹೆಜ್ಜೆಯ ಎಣಿಕೆಯೂ ಚಲನೆಗೆ ತೀರಾ ಹತ್ತಿರದ್ದು. ಕ್ಯಾಲೊರಿ, ನಿದ್ರೆಯ ಹಂತಗಳು, ಒತ್ತಡ ಇವೆಲ್ಲ ಆ ಎರಡರಿಂದ ಹೊರಡಿಸಿದ ಊಹೆ.

ಕ್ಯಾಲೊರಿಯ ಕಥೆ ಸ್ಪಷ್ಟವಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಜನರಿಗೆ ಏಳು ಬಗೆಯ ಸಾಧನ ತೊಡಿಸಿ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ಏಳರಲ್ಲಿ ಆರು ಸಾಧನಗಳು ಹೃದಯಬಡಿತವನ್ನು ಶೇ 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಹೇಳಿದವು. ಖರ್ಚಾದ ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತು. ತೀರಾ ಕೆಟ್ಟದ್ದು ಶೇ 93ರಷ್ಟು. ಅಂದಿನಿಂದ ಸಾಧನಗಳು ಬದಲಾಗಿವೆ, ಆದರೆ ಕ್ಯಾಲೊರಿಯನ್ನು ನೇರವಾಗಿ ಅಳೆಯುವ ಸಂವೇದಕ ಇಂದಿಗೂ ಮಣಿಕಟ್ಟಿಗೆ ಬಂದಿಲ್ಲ. ‘300 ಕ್ಯಾಲೊರಿ ಖರ್ಚಾಗಿದೆ’ ಎಂಬ ಸಾಲನ್ನು ನೋಡಿ ಅಷ್ಟೇ ಊಟ ಹೆಚ್ಚಿಸಬೇಡಿ.

ನಿದ್ರೆಯಲ್ಲಿ ಯಾವಾಗ ಮಲಗಿದಿರಿ, ಯಾವಾಗ ಎದ್ದಿರಿ ಎಂಬುದನ್ನು ಒಳ್ಳೆಯ ಸಾಧನ ಸುಮಾರಾಗಿ ಸರಿಯಾಗಿಯೇ ಹಿಡಿಯುತ್ತದೆ. ಗಾಢ ನಿದ್ರೆ, ಕನಸಿನ ನಿದ್ರೆ ಎಂಬ ವಿಭಾಗ ಹಾಗಲ್ಲ. ಪ್ರಯೋಗಾಲಯದಲ್ಲಿ ಅದನ್ನು ಗುರುತಿಸುವುದು ತಲೆಗೆ ಅಂಟಿಸಿದ ತಂತಿಗಳಿಂದ, ಮಿದುಳಿನ ಅಲೆಗಳನ್ನು ನೋಡಿ. ಮಣಿಕಟ್ಟಿಗೆ ಮಿದುಳು ಕಾಣುವುದಿಲ್ಲ. ಅಲುಗದೆ ಎಚ್ಚರವಾಗಿ ಮಲಗಿದ್ದವರನ್ನು ನಿದ್ರಿಸುತ್ತಿದ್ದಾರೆ ಎಂದು ಬರೆದುಕೊಳ್ಳುವುದು ಈ ಸಾಧನಗಳ ಸಾಮಾನ್ಯ ತಪ್ಪು. ಮೂರು ರಾತ್ರಿ ನಿಮ್ಮ ನೆನಪಿನ ಜೊತೆ ತಾಳೆ ನೋಡಿದರೆ ಗೊತ್ತಾಗುತ್ತದೆ.

ಕೆಲವು ಹೇಳಿಕೆಗಳಲ್ಲಿ ಮಾತ್ರ ತಪ್ಪಿದರೆ ಅಪಾಯ. ಸೂಜಿಯಿಲ್ಲದೆ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಎಫ್‌ಡಿಎ, ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚ್ ಮತ್ತು ಉಂಗುರಗಳನ್ನು ಬಳಸಬೇಡಿ, ಅಂಥ ಯಾವುದನ್ನೂ ತಾನು ಒಪ್ಪಿಲ್ಲ ಎಂದು 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಇನ್ಸುಲಿನ್ ಪ್ರಮಾಣವನ್ನು ಇಂಥ ಸಂಖ್ಯೆ ನೋಡಿ ನಿರ್ಧರಿಸಿದವರ ಪ್ರಾಣಕ್ಕೇ ಕುತ್ತು ಬರಬಹುದು.

ರಕ್ತದೊತ್ತಡದಲ್ಲಿ ಕೇಳಬೇಕಾದದ್ದು, ತೋಳಿಗೆ ಸುತ್ತುವ ನಿಜವಾದ ಯಂತ್ರದ ಜೊತೆ ಹೊಂದಿಸಲು ಸಾಧನ ಹೇಳುತ್ತದೆಯೇ ಎಂಬುದನ್ನು. ಸ್ಯಾಮ್‌ಸಂಗ್ ತನ್ನ ವಾಚ್‌ಗಳ ಈ ಸೌಲಭ್ಯಕ್ಕೆ 28 ದಿನಕ್ಕೊಮ್ಮೆ ಹಾಗೆ ಹೊಂದಿಸಬೇಕೆಂದು ಹೇಳುತ್ತದೆ. ಗಾಳಿ ತುಂಬುವ ಪಟ್ಟಿಯೂ ಇಲ್ಲದೆ, ಹೊಂದಿಸುವ ಮಾತೂ ಇಲ್ಲದೆ, ಬೆಳಕು ಹಾಯಿಸಿ ಅರ್ಧ ನಿಮಿಷದಲ್ಲಿ 121/79 ಎಂದು ತೋರಿಸುವ ಅಗ್ಗದ ಸಾಧನವನ್ನು ಮನೆಯ ಬೇರೆ ಬೇರೆ ವಯಸ್ಸಿನ ಮೂವರ ಕೈಗೆ ಕಟ್ಟಿ ನೋಡಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೂ ಹದಿಹರೆಯದವರಿಗೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬಂದರೆ ನಿಮಗೆ ಉತ್ತರ ಸಿಕ್ಕಿತು.

ಇಸಿಜಿ ಇರುವ ವಾಚ್‌ಗಳು ಬೇರೆ ವರ್ಗದವು. 2018ರಲ್ಲಿ ಆ್ಯಪಲ್ ವಾಚ್‌ನ ನಾಲ್ಕನೆಯ ಸರಣಿಯ ಇಸಿಜಿಗೆ ಎಫ್‌ಡಿಎ ಸಮ್ಮತಿ ಸಿಕ್ಕಿತು. ಒಂದು ಬಗೆಯ ಅನಿಯಮಿತ ಬಡಿತವನ್ನು ಗುರುತಿಸುವುದಕ್ಕಷ್ಟೇ ಆ ಸಮ್ಮತಿ. ಹೃದಯಾಘಾತವನ್ನು ಅದು ಕಂಡುಹಿಡಿಯುವುದಿಲ್ಲ ಎಂದು ತಯಾರಕರೇ ಹೇಳುತ್ತಾರೆ. ಎದೆ ನೋವು ಬಂದಾಗ ವಾಚ್ ಏನು ಹೇಳಿದರೂ ಆಸ್ಪತ್ರೆಗೆ ಹೋಗಬೇಕು.

ಹಂತ 4: ಬ್ಯಾಟರಿಯನ್ನು ನಿಮ್ಮ ಬಳಕೆಯಲ್ಲಿ ಅಳೆಯಿರಿ

‘14 ದಿನ’ ಎಂಬುದರ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರೆ, ಪರದೆ ಸದಾ ಬೆಳಗುತ್ತಿರಬಾರದು, ರಾತ್ರಿಯಿಡೀ ಆಮ್ಲಜನಕ ಅಳೆಯಬಾರದು, ದಿನಕ್ಕೆ ಇಂತಿಷ್ಟೇ ಸಂದೇಶ ಬರಬೇಕು ಎಂಬಂಥ ಷರತ್ತುಗಳು ಸಿಗುತ್ತವೆ. ಕೊಳ್ಳುವುದಕ್ಕೆ ಕಾರಣವಾದ ಸೌಲಭ್ಯಗಳೇ ಆ ಲೆಕ್ಕದಲ್ಲಿ ಆಫ್ ಆಗಿರುತ್ತವೆ.

ಮೊದಲ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಂತ್ರಾಂಶದ ಅಪ್‌ಡೇಟ್ ಮತ್ತು ಪದೇ ಪದೇ ಪರದೆ ನೋಡುವ ಕುತೂಹಲ ಬ್ಯಾಟರಿಯನ್ನು ತಿನ್ನುತ್ತವೆ. ಎರಡನೆಯ ದಿನದಿಂದ ನಿಮಗೆ ನಿಜಕ್ಕೂ ಬೇಕಾದ ಸೌಲಭ್ಯಗಳನ್ನು ಆನ್ ಮಾಡಿ, ಬೇಡದ್ದನ್ನು ಆಫ್ ಮಾಡಿ, ದಿನವೂ ಒಂದೇ ಹೊತ್ತಿಗೆ ಶೇಕಡಾವಾರು ಬರೆದಿಡಿ. ಅಕ್ಕನ ಬ್ಯಾಂಡ್ 48 ಗಂಟೆಯಲ್ಲಿ 96ರಿಂದ 74ಕ್ಕೆ ಇಳಿಯಿತು. ದಿನಕ್ಕೆ ಶೇ 11, ಅಂದರೆ ಸುಮಾರು ಒಂಬತ್ತು ದಿನ. ಪೆಟ್ಟಿಗೆಯ 14 ಅಲ್ಲ, ಆದರೂ ಸಾಕು. ವಾಚ್ 24 ಗಂಟೆಯಲ್ಲಿ 100ರಿಂದ 38ಕ್ಕೆ ಇಳಿಯಿತು. ಒಂದೂವರೆ ದಿನಕ್ಕಿಂತ ತುಸು ಹೆಚ್ಚು.

ಒಂದೂವರೆ ದಿನ ಕೇಳಲು ಕೆಟ್ಟದ್ದೇನಲ್ಲ, ಆದರೆ ಆ ವಾಚನ್ನು ಯಾವ ಹೊತ್ತಿನಲ್ಲಿ ಚಾರ್ಜ್‌ಗೆ ಹಾಕುತ್ತೀರಿ? ರಾತ್ರಿ ಹಾಕಿದರೆ ನಿದ್ರೆಯ ದಾಖಲೆ ಸಿಗದು. ಬೆಳಿಗ್ಗೆ ಹಾಕಿದರೆ ನಡಿಗೆಯ ದಾಖಲೆ ಹೋಗುತ್ತದೆ. ದಿನವೂ ಸ್ನಾನ ಮಾಡಿ ತಯಾರಾಗುವ ಮುಕ್ಕಾಲು ಗಂಟೆ ಅದಕ್ಕೆಂದೇ ಮೀಸಲಿಡಬಲ್ಲವರಿಗೆ, ವಾಚ್ ಬೇಗ ಚಾರ್ಜ್ ಆಗುವುದಾದರೆ, ತೊಂದರೆಯಿಲ್ಲ. ಅಕ್ಕ ಮೂರನೆಯ ದಿನವೇ ಮರೆತಳು.

ಇದೇ ಲೆಕ್ಕವನ್ನು ವರ್ಷಕ್ಕೆ ಹಿಗ್ಗಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ದಿನಕ್ಕೆ ಶೇ 62 ಖಾಲಿಯಾಗುವ ವಾಚ್ ವರ್ಷಕ್ಕೆ ಸುಮಾರು 226 ಬಾರಿ ಪೂರ್ತಿ ತುಂಬಿ ಬರಿದಾದಂತೆ. ಶೇ 11ರ ಬ್ಯಾಂಡಿಗೆ ಅದು 40 ಬಾರಿ. ಲಿಥಿಯಂ ಬ್ಯಾಟರಿ ಸವೆಯುವುದಕ್ಕೆ ಈ ಸುತ್ತುಗಳೂ ಮುಖ್ಯ ಕಾರಣ. ಮೂರನೆಯ ವರ್ಷದಲ್ಲಿ ಒಂಬತ್ತು ದಿನ ಏಳಕ್ಕೆ ಇಳಿದರೆ ನಡೆಯುತ್ತದೆ. ಒಂದೂವರೆ ದಿನ ಒಂದಕ್ಕೆ ಇಳಿದರೆ ಮರುದಿನ ಚಾರ್ಜ್‌ಗೆ ಹಾಕುವ ಹೊತ್ತಿಗೆ ವಾಚ್ ಸತ್ತಿರುತ್ತದೆ.

ಹಂತ 5: ಹಣ ಕೊಡುವ ಮೊದಲು ಆ್ಯಪ್ ಹಾಕಿಕೊಳ್ಳಿ

ಈ ಹಂತವನ್ನು ಬಹುತೇಕರು ಕೊನೆಗೆ ಬಿಡುತ್ತಾರೆ. ನಾನಾದರೆ ಮೊದಲು ಮಾಡುತ್ತೇನೆ, ಏಕೆಂದರೆ ಇದಕ್ಕೆ ಸಾಧನವೇ ಬೇಕಿಲ್ಲ. ಆ್ಯಪ್‌ನ ಹೆಸರು ತಿಳಿದುಕೊಂಡು ನಿಮ್ಮ ಫೋನಿಗೆ ಹಾಕಿ. ಅದು ನಿಮ್ಮ ಫೋನಿನ ಆವೃತ್ತಿಗೆ ಹೊಂದುತ್ತದೆಯೇ, ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ, ಖಾತೆ ತೆರೆಯದೆ ಮುಂದೆ ಬಿಡುತ್ತದೆಯೇ, ಯಾವ ವರದಿಗಳಿಗೆ ತಿಂಗಳ ಚಂದಾ ಕೇಳುತ್ತದೆ ಎಂಬುದೆಲ್ಲ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಫೋನಿನ ಜೋಡಿಯನ್ನು ತಪ್ಪದೆ ನೋಡಿ. ಆ್ಯಪಲ್ ವಾಚ್‌ಗೆ ಐಫೋನ್ ಬೇಕೇ ಬೇಕು. ಗೂಗಲ್‌ನ ವೇರ್ ಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ಇತ್ತೀಚಿನ ಬಹುತೇಕ ವಾಚ್‌ಗಳಿಗೆ ಆ್ಯಂಡ್ರಾಯ್ಡ್ ಫೋನ್ ಬೇಕು. ಬ್ಯಾಂಡ್‌ಗಳು ಸಾಮಾನ್ಯವಾಗಿ ಎರಡರೊಂದಿಗೂ ಹೊಂದಿಕೊಳ್ಳುತ್ತವೆ. ಮುಂದಿನ ವರ್ಷ ಫೋನ್ ಬದಲಿಸುವ ಯೋಚನೆ ಇದ್ದರೆ ವಾಚಿನ ಆಯ್ಕೆ ಅದಕ್ಕೂ ಕಟ್ಟುಬೀಳುತ್ತದೆ.

ದಾಖಲೆಗಳನ್ನು ಹೊರತೆಗೆಯುವ ದಾರಿ ಇದೆಯೇ ನೋಡಿ. ಆ್ಯಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್, ಐಫೋನಿನಲ್ಲಿ ಆ್ಯಪಲ್ ಹೆಲ್ತ್ ಎಂಬ ಸಾಮಾನ್ಯ ಉಗ್ರಾಣಗಳಿವೆ. ಸಾಧನದ ಆ್ಯಪ್ ಅವುಗಳಿಗೆ ದಾಖಲೆ ಕಳುಹಿಸುವಂತಿದ್ದರೆ ನಾಳೆ ಕಂಪನಿ ಬದಲಿಸಿದರೂ ಹಳೆಯ ಲೆಕ್ಕ ಉಳಿಯುತ್ತದೆ. ಇದು ಅತಿಯಾದ ಎಚ್ಚರಿಕೆಯಲ್ಲ. ಮೈಕ್ರೋಸಾಫ್ಟ್‌ನಂಥ ದೊಡ್ಡ ಕಂಪನಿಯೇ ತನ್ನ ಬ್ಯಾಂಡಿನ ಆ್ಯಪ್ ಮತ್ತು ಸೇವೆಗಳನ್ನು 2019ರ ಮೇ 31ರಂದು ನಿಲ್ಲಿಸಿತು. ಸಾಧನ ಕೈಯಲ್ಲೇ ಇತ್ತು, ದಾಖಲೆ ನೋಡುವ ಜಾಗವೇ ಇಲ್ಲವಾಯಿತು. 2020ರ ಜುಲೈನಲ್ಲಿ ಗಾರ್ಮಿನ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ ಬಳಕೆದಾರರು ಕೆಲವು ದಿನ ತಮ್ಮ ವ್ಯಾಯಾಮದ ದಾಖಲೆಗಳನ್ನು ಆ್ಯಪ್‌ಗೆ ಸೇರಿಸಲಾಗಲಿಲ್ಲ.

ಸಾಧನ ಬಂದ ಮೇಲೆ ಎರಡು ಚಿಕ್ಕ ಪರೀಕ್ಷೆ ಮಾಡಿ. ಕನ್ನಡದ ಒಂದು ಸಂದೇಶವನ್ನು ನಿಮಗೇ ಕಳುಹಿಸಿಕೊಳ್ಳಿ. ಕೆಲವು ಸಾಧನಗಳಲ್ಲಿ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತವೆ, ಇನ್ನು ಕೆಲವದರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲುತ್ತವೆ. ಎರಡನೆಯದು, ರಾತ್ರಿ ಆ್ಯಪ್ ತೆರೆಯದೆ ಮಲಗಿ, ಬೆಳಿಗ್ಗೆ ಸಂದೇಶಗಳು ಮಣಿಕಟ್ಟಿಗೆ ಬರುತ್ತಿವೆಯೇ ನೋಡಿ. ಬರದಿದ್ದರೆ ಸಾಧನವನ್ನು ದೂರುವ ಮೊದಲು ಫೋನಿನ ಬ್ಯಾಟರಿ ಉಳಿತಾಯದ ಆಯ್ಕೆಗಳಿಗೆ ಹೋಗಿ, ಈ ಆ್ಯಪ್‌ಗೆ ಹಿನ್ನೆಲೆಯಲ್ಲಿ ನಿರ್ಬಂಧವಿಲ್ಲದೆ ಓಡಲು ಅನುಮತಿ ಕೊಡಿ. ಸಂಪರ್ಕ ತಪ್ಪುತ್ತದೆ ಎಂಬ ದೂರುಗಳಲ್ಲಿ ಹಲವು ಇಲ್ಲಿಗೇ ಬಗೆಹರಿಯುತ್ತವೆ.

ಹಂತ 6: ಬರೆದಿಟ್ಟದ್ದನ್ನು ಮುಂದಿಟ್ಟುಕೊಂಡು ಆರಿಸಿ

ಆರನೆಯ ದಿನ ಸಂಜೆ ಅಕ್ಕನ ಮುಂದೆ ಒಂದು ಹಾಳೆ ಇತ್ತು. ನಡಿಗೆಯಲ್ಲಿ ಬಡಿತ: ಸರಿಯಾಗಿ ಕಟ್ಟಿದ ಮೇಲೆ ಎರಡೂ ಸಮ. ಮಲಗಿದ, ಎದ್ದ ಹೊತ್ತು: ಎರಡೂ ಸಮ, ವಾಚ್ ಚಾರ್ಜ್‌ನಲ್ಲಿದ್ದ ಒಂದು ರಾತ್ರಿ ಬಿಟ್ಟು. ವಾಚಿಗೆ ತನ್ನದೇ ಜಿಪಿಎಸ್ ಇತ್ತು, ಆದರೆ ಅಕ್ಕ ಫೋನ್ ಬಿಟ್ಟು ಹೊರಗೆ ಹೋಗುವವಳಲ್ಲ. ವಾಚಿನಿಂದಲೇ ಕರೆಗೆ ಉತ್ತರಿಸುವುದು ಅವಳಿಗೆ ಹಿಡಿಸಿತ್ತು. ಆರು ದಿನಗಳಲ್ಲಿ ಎರಡು ಬಾರಿ ಬಳಸಿದ್ದಳು. ಅವಳು ಬ್ಯಾಂಡನ್ನು ಇಟ್ಟುಕೊಂಡು ವಾಚನ್ನು ಹಿಂದಿರುಗಿಸಿದಳು.

ಫೋನ್ ಮನೆಯಲ್ಲಿಟ್ಟು ಓಡುವವರಾಗಿದ್ದರೆ ಇದೇ ಹಾಳೆ ನೋಡಿ ವಾಚ್ ಕೊಳ್ಳಿ ಎನ್ನುತ್ತಿದ್ದೆ. ಅನಿಯಮಿತ ಬಡಿತದ ಮೇಲೆ ಕಣ್ಣಿಡಲು ವೈದ್ಯರು ಹೇಳಿದ್ದವರಾಗಿದ್ದರೆ ಹಾಳೆಯನ್ನೇ ಪಕ್ಕಕ್ಕಿಟ್ಟು, ಇಸಿಜಿಗೆ ತಮ್ಮ ದೇಶದಲ್ಲಿ ಸಮ್ಮತಿ ಪಡೆದ ವಾಚ್ ಯಾವುದು ಎಂದು ಆ ವೈದ್ಯರನ್ನೇ ಕೇಳಿ ಎನ್ನುತ್ತಿದ್ದೆ.

ಬ್ಯಾಂಡ್ ಉಳಿಸಿಕೊಂಡ ಮೇಲೆ ಅಕ್ಕ ಒತ್ತಡದ ಅಂಕಿಯನ್ನೂ ಕ್ಯಾಲೊರಿಯ ಅಂಕಿಯನ್ನೂ ಮುಖಪುಟದಿಂದ ತೆಗೆದುಹಾಕಿದಳು, ರಾತ್ರಿಯ ಆಮ್ಲಜನಕದ ಅಳತೆಯನ್ನು ನಿಲ್ಲಿಸಿದಳು. ಮುಂದಿನ ಎರಡು ದಿನ ಬರೆದಿಟ್ಟಾಗ ಬ್ಯಾಟರಿ ಇಳಿದದ್ದು ದಿನಕ್ಕೆ ಶೇ 8.